ನೋರಿ, ವಕಾಮೆ, ಕೊಂಬು, ಕೆಲ್ಪ್ ಮಾತ್ರೆ: ಥೈರಾಯ್ಡ್ ಇರುವ ಮನೆಗೆ ಯಾವ ಕಡಲಕಳೆ?

ಕಳೆದ ಡಿಸೆಂಬರಿನಲ್ಲಿ ಅಕ್ಕನ ಮಗ ಒಸಾಕಾದಿಂದ ರಜೆಗೆ ಬಂದಿದ್ದ. ಮೂಡಿಗೆರೆ ಹತ್ತಿರ ಅಕ್ಕನ ಮನೆ. ಕಣದಲ್ಲಿ ಅರೇಬಿಕಾ ಒಣಗುತ್ತಿತ್ತು, ಎಲ್ಲರೂ ಅದರ ಗಡಿಬಿಡಿಯಲ್ಲಿದ್ದರು. ಹುಡುಗ ಸೂಟ್‌ಕೇಸ್ ಬಿಚ್ಚಿ ಒಂದು ಚೀಲ ಕಡಲಕಳೆ ತೆಗೆದು ಅಡುಗೆಮನೆ ಕಟ್ಟೆ ಮೇಲಿಟ್ಟ. ಕಾಗದದಂಥ ನೋರಿ, ಒಣಗಿದ ಸೊಪ್ಪಿನ ಚೂರುಗಳಂಥ ವಕಾಮೆ, ಚಪ್ಪಲಿ ಅಟ್ಟೆಯಷ್ಟು ದಪ್ಪಗಿನ ಕೊಂಬು.

"ಕೊಂಬಾ? ಯಾವ ದನದ್ದೋ?" ಅಂದರು ದೊಡ್ಡಮ್ಮ.

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಚಿಕ್ಕಮಗಳೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ನನ್ನದು. ಥೈರಾಯ್ಡ್ ರಿಪೋರ್ಟ್ ಕೈಗೆ ಬಾರದ ದಿನವೇ ಇಲ್ಲ. ಆ ಅಡುಗೆಮನೆಯಲ್ಲಿ ನಿಂತಿದ್ದ ನಾಲ್ವರಲ್ಲಿ ಮೂವರಿಗೆ ಆ ಚೀಲದ ಯಾವುದೋ ಒಂದು ಪೊಟ್ಟಣ ಆಗಿಬರುವಂಥದ್ದಲ್ಲ. ದೊಡ್ಡಮ್ಮನಿಗೆ 72 ವರ್ಷ, ಕುತ್ತಿಗೆಯಲ್ಲಿ ಹಳೆಯ ಗಡ್ಡೆ. ಅಕ್ಕನಿಗೆ ಹಶಿಮೋಟೊ, ಅಂದರೆ ನಮ್ಮದೇ ದೇಹದ ರೋಗನಿರೋಧಕ ಶಕ್ತಿ ಥೈರಾಯ್ಡನ್ನು ನಿಧಾನಕ್ಕೆ ಹಾಳುಮಾಡುವ ಕಾಯಿಲೆ. ದಿನಾ 50 ಮೈಕ್ರೋಗ್ರಾಂ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ ನುಂಗುತ್ತಾಳೆ. ಸೊಸೆ ಐದು ತಿಂಗಳ ಬಸುರಿ. ಏನೂ ತೊಂದರೆ ಇಲ್ಲದವನು ತಂದ ಹುಡುಗ ಒಬ್ಬನೇ.

ನಮ್ಮ ಕಡೆ "ನಂಗೆ ಥೈರಾಯ್ಡ್ ಇದೆ" ಅಂತ ಒಂದೇ ಮಾತಿನಲ್ಲಿ ಎಲ್ಲವನ್ನೂ ಹೇಳಿಬಿಡುತ್ತಾರೆ. ಹಾಗೆಯೇ "ಸೀವೀಡ್" ಅಂತ ಒಂದೇ ಮಾತಿನಲ್ಲಿ ಹತ್ತಾರು ಬೇರೆಬೇರೆ ಪದಾರ್ಥಗಳನ್ನು ಕರೆಯುತ್ತಾರೆ. ತೊಂದರೆ ಶುರುವಾಗುವುದು ಇಲ್ಲಿಂದಲೇ. ಯಾವ ಕಳೆ ಎಂಬುದೂ ಗೊತ್ತಿರಬೇಕು, ಯಾರ ಥೈರಾಯ್ಡ್ ಎಂಬುದೂ ಗೊತ್ತಿರಬೇಕು.

ಮೊದಲು ಉಪ್ಪಿನ ಡಬ್ಬಿ ನೋಡಿ

ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ. ಬಸುರಿಗೆ, ಬಾಣಂತಿಗೆ 250ರಷ್ಟು. ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗ. ಜೀವಮಾನವಿಡೀ ತಿಂದ ಅಯೋಡಿನ್ ಒಟ್ಟು ಸೇರಿಸಿದರೂ ಒಂದು ಟೀ ಚಮಚ ತುಂಬುವುದು ಕಷ್ಟ.

ಅಂಗಡಿಯ ಅಯೋಡಿನ್ ಉಪ್ಪಿನಲ್ಲಿ, ನಮ್ಮ ಕೈಗೆ ಬರುವ ಹೊತ್ತಿಗೂ, ಕೆಜಿಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು ಎಂಬುದು ನಿಯಮ. ಅಂದರೆ ಒಂದು ಗ್ರಾಂ ಉಪ್ಪಿಗೆ 15 ಮೈಕ್ರೋಗ್ರಾಂ. ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲ ಸೇರಿ ಒಬ್ಬರು ದಿನಕ್ಕೆ 8 ಗ್ರಾಂ ತಿಂದರೆ 120 ಆಯಿತು. ಕುದಿಯುವಾಗ ಸ್ವಲ್ಪ ಹೋಗುತ್ತದೆ, ಹಾಲು ಮೊಟ್ಟೆಯಿಂದ ಸ್ವಲ್ಪ ಬರುತ್ತದೆ. ಹೆಚ್ಚುಕಮ್ಮಿ ಸರಿಹೋಗುತ್ತದೆ. ಈ ಉಪ್ಪು ಬಳಸುವ ಮನೆಗೆ ಅಯೋಡಿನ್‌ಗೋಸ್ಕರ ಕಡಲಕಳೆ ತರಿಸುವ ಅಗತ್ಯವೇ ಇಲ್ಲ. ರುಚಿಗೆ ಬೇಕಾದರೆ ತರಿಸಿ, ಅದು ಬೇರೆ ಮಾತು.

ಈಗ ಸೈಂಧವ ಲವಣ, ಗುಲಾಬಿ ಉಪ್ಪಿನ ಫ್ಯಾಶನ್ ಬಂದಿದೆ. ಅದಕ್ಕೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಒಂದೆರಡು ಮನೆ ನಾನೇ ನೋಡಿದ್ದೇನೆ. "ಕೆಮಿಕಲ್ ಬೇಡ" ಅಂತ ಅಯೋಡಿನ್ ಉಪ್ಪು ಬಿಟ್ಟಿದ್ದಾರೆ, ಆ ಕೊರತೆ ತುಂಬಲು ಕೆಲ್ಪ್ ಎಂಬ ಕಡಲಕಳೆಯ ಮಾತ್ರೆ ತರಿಸಿದ್ದಾರೆ. ಕೆಜಿಗೆ ಇಪ್ಪತ್ತೋ ಮೂವತ್ತೋ ರೂಪಾಯಿಯ ಉಪ್ಪು ಅಳತೆ ಮಾಡಿ ಕೊಡುತ್ತಿದ್ದುದನ್ನು ಸಾವಿರ ರೂಪಾಯಿಯ ಡಬ್ಬಿಯಿಂದ ಅಳತೆ ಇಲ್ಲದೆ ತಗೊಳ್ಳುವುದು ಅಂದರೆ ಇದೇ ಅಲ್ವಾ.

ನೋರಿಗೂ ಕೊಂಬಿಗೂ ಇರುವ ಅಂತರ

ನೋರಿ ಅಂದರೆ ಸುಶಿಗೆ ಸುತ್ತುವ ಹಾಳೆ. ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ನಮ್ಮ ಊರಿನ ದೊಡ್ಡ ಅಂಗಡಿಗಳಲ್ಲೂ ಹುರಿದ ಚಿಪ್ಸ್ ರೂಪದಲ್ಲಿ ಸಿಗುತ್ತದೆ. ಇದು ಕೆಂಪು ಜಾತಿಯ ಕಳೆ. ಅಯೋಡಿನ್ ಕಡಿಮೆ, ಗ್ರಾಮಿಗೆ ಸುಮಾರು 16ರಿಂದ 40 ಮೈಕ್ರೋಗ್ರಾಂ. ಒಂದು ದೊಡ್ಡ ಹಾಳೆ 3 ಗ್ರಾಂ ತೂಗುತ್ತದೆ. ಅಂದರೆ ಹಾಳೆಗೆ 50ರಿಂದ 120. ಒಂದು ದಿನದ ಅಗತ್ಯದೊಳಗೇ ಮುಗಿಯುತ್ತದೆ.

ವಕಾಮೆ ಕಂದು ಜಾತಿ. ನೆನೆಹಾಕಿದರೆ ಬಸಳೆ ಸೊಪ್ಪಿನ ಹಾಗೆ ಹಿಗ್ಗಿ ಲೋಳೆಯಾಗುತ್ತದೆ. ಗ್ರಾಮಿಗೆ 40ರಿಂದ 150ರವರೆಗೂ ಇರಬಹುದು. ಒಂದು ಬಟ್ಟಲು ಸೂಪಿಗೆ ಎರಡು ಗ್ರಾಂ ಒಣ ಚೂರು ಹಾಕಿದರೆ 80ರಿಂದ 300.

ಕೊಂಬಿನದು ಬೇರೆಯೇ ಕಥೆ. ಇದು ಕೆಲ್ಪ್ ಜಾತಿ. ಸಮುದ್ರದ ನೀರಿನಲ್ಲಿರುವ ಅಯೋಡಿನನ್ನು ಹೀರಿ ತನ್ನ ಮೈಯಲ್ಲಿ ಕೂಡಿಡುವ ಗುಣ ಅದಕ್ಕಿದೆ. ಗ್ರಾಮಿಗೆ 1500ರಿಂದ 2500 ಮೈಕ್ರೋಗ್ರಾಂ ಸಾಮಾನ್ಯ. ನೋರಿಯ ಐವತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟು.

ಹುಡುಗ ಅವತ್ತು ಮಾಡಲು ಹೊರಟಿದ್ದ ಸಾರಿನದೇ ಲೆಕ್ಕ ಹಾಕೋಣ. ಜಪಾನಿನಲ್ಲಿ ಅದಕ್ಕೆ ದಾಶಿ ಅನ್ನುತ್ತಾರೆ. ಒಂದು ಲೀಟರ್ ನೀರಿಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ತುಂಡು, 5 ಗ್ರಾಂ. ಗ್ರಾಮಿಗೆ 2000 ಹಿಡಿದರೆ ತುಂಡಿನಲ್ಲಿ 10,000 ಮೈಕ್ರೋಗ್ರಾಂ. ಕಾಲು ಗಂಟೆ ಕುದಿಸಿದರೆ ಇದರ ಬಹುಪಾಲು ನೀರಿಗೆ ಇಳಿಯುತ್ತದೆ. ನಾಲ್ಕು ಬಟ್ಟಲಿಗೆ ಹಂಚಿದರೆ ತಲಾ 2500ರ ಹತ್ತಿರ. ಹದಿನಾರು ದಿನಕ್ಕೆ ಬೇಕಾದ ಅಯೋಡಿನ್ ಒಂದು ಬಟ್ಟಲಿನಲ್ಲಿ ಹೊಟ್ಟೆಗೆ ಹೋಯಿತು.

ಇಲ್ಲೊಂದು ತಮಾಷೆ ಇದೆ. ಕುದಿಸಿದ ಕೊಂಬಿನ ತುಂಡಿನಲ್ಲಿ ಈಗ ಹೆಚ್ಚು ಅಯೋಡಿನ್ ಉಳಿದಿಲ್ಲ. ನೀರು ಚೆಲ್ಲಿ ತುಂಡು ತಿಂದರೆ ಅಷ್ಟು ಭಯವಿಲ್ಲ. ಆದರೆ ದಾಶಿಯಲ್ಲಿ ಕುಡಿಯುವುದೇ ನೀರು, ಎಸೆಯುವುದೇ ತುಂಡು. ನಾವು ಕಹಿ ಸೊಪ್ಪನ್ನು ಬೇಯಿಸಿ ನೀರು ಬಸಿಯುತ್ತೇವಲ್ಲ, ಅದರ ತದ್ವಿರುದ್ಧ.

ಒಂದು ದಿನಕ್ಕೆ ಎಷ್ಟು ದಾಟಬಾರದು ಎಂಬುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಯುರೋಪಿನವರು ದೊಡ್ಡವರಿಗೆ 600 ಅನ್ನುತ್ತಾರೆ, ಅಮೆರಿಕದವರು 1100. ಬಸುರಿ, ಬಾಣಂತಿಗೆ 500 ದಾಟಿದರೆ ಏನೂ ಲಾಭವಿಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನಂತೂ ಮನೆಯವರಿಗೆ 600 ಅಂತಲೇ ಹೇಳುತ್ತೇನೆ.

ಜಾಸ್ತಿಯಾದರೆ ಗ್ರಂಥಿ ಏನು ಮಾಡುತ್ತದೆ

ಅಯೋಡಿನ್‌ನಿಂದ ತಾನೇ ಥೈರಾಯ್ಡ್ ಹಾರ್ಮೋನು ತಯಾರಾಗುವುದು? ಹಾಗಾದರೆ ಜಾಸ್ತಿ ಕೊಟ್ಟರೆ ಜಾಸ್ತಿ ಹಾರ್ಮೋನು ಬರಬೇಕಲ್ಲ? ಅಕ್ಕನ ಪ್ರಶ್ನೆ ಇದೇ. ನಾನು ಅವಳಿಗೆ ಪಲ್ಪರ್ ಉದಾಹರಣೆ ಕೊಟ್ಟೆ. ಪಲ್ಪರ್‌ಗೆ ಕಾಫಿ ಹಣ್ಣನ್ನು ಅಳತೆಯಲ್ಲಿ ಬಿಟ್ಟರೆ ಓಡುತ್ತದೆ, ಒಮ್ಮೆಲೇ ಚೀಲಗಟ್ಟಲೆ ಸುರಿದರೆ ಕಟ್ಟಿ ನಿಲ್ಲುತ್ತದೆ. ಥೈರಾಯ್ಡ್ ಕೂಡ ಹಾಗೆಯೇ. ಏಕಾಏಕಿ ಅಯೋಡಿನ್ ತುಂಬಿದರೆ ಅದು ಹಾರ್ಮೋನು ತಯಾರಿಯನ್ನೇ ನಿಲ್ಲಿಸುತ್ತದೆ. ವೂಲ್ಫ್ ಮತ್ತು ಚೈಕಾಫ್ ಎಂಬಿಬ್ಬರು ಇದನ್ನು 1948ರಲ್ಲಿ ಇಲಿಗಳಲ್ಲಿ ತೋರಿಸಿದರು. ಅವರ ಹೆಸರೇ ಈಗಲೂ ಇದಕ್ಕಿದೆ.

ಗಟ್ಟಿಮುಟ್ಟಾದ ಗ್ರಂಥಿ ಈ ಮುಷ್ಕರವನ್ನು ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಅಯೋಡಿನ್ ಒಳಗೆ ಬರುವ ಬಾಗಿಲನ್ನೇ ಕಿರಿದು ಮಾಡಿಕೊಂಡು, ಒಳಗಿರುವುದು ಕರಗಿದ ಮೇಲೆ ಮತ್ತೆ ಕೆಲಸ ಶುರುಮಾಡುತ್ತದೆ. ಹಾಗಾಗಿಯೇ ಹುಡುಗ ಒಸಾಕಾದಲ್ಲಿ ವಾರಕ್ಕೆರಡು ಬಾರಿ ದಾಶಿ ಕುಡಿದರೂ ಅವನಿಗೆ ಏನೂ ಆಗಿಲ್ಲ.

ಹಶಿಮೋಟೊ ಇರುವ ಗ್ರಂಥಿಗೆ ಆ ಬಾಗಿಲು ಕಿರಿದು ಮಾಡಿಕೊಳ್ಳುವುದು ಕಷ್ಟ. ಅಯೋಡಿನ್ ಬರುತ್ತಲೇ ಇರುತ್ತದೆ, ಕೆಲಸ ನಿಂತೇ ಇರುತ್ತದೆ. ಹಾರ್ಮೋನು ಕಡಿಮೆಯಾಗುತ್ತದೆ, "ಕೆಲಸ ಮಾಡು" ಅಂತ ಮೆದುಳಿನ ಬುಡದಿಂದ ಥೈರಾಯ್ಡಿಗೆ ಬರುವ ಟಿಎಸ್‌ಎಚ್ ಎಂಬ ಹಾರ್ಮೋನು ಏರುತ್ತದೆ. ಹೊಟ್ಟೆಯಲ್ಲಿರುವ ಮಗುವಿನ, ಹಸುಗೂಸಿನ ಗ್ರಂಥಿಗೂ ಈ ಕಲೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಬಸುರಿಯಲ್ಲಿ ತಾಯಿ ದಿನಾ ಕೊಂಬಿನ ಸಾರು ಕುಡಿದು, ಮಗುವಿಗೆ ಹುಟ್ಟಿದಾಗಲೇ ಥೈರಾಯ್ಡ್ ಕಡಿಮೆ ಇದ್ದ ಪ್ರಕರಣಗಳು ಜಪಾನಿನಲ್ಲೇ ದಾಖಲಾಗಿವೆ. ಎದೆಹಾಲಿನ ಮೂಲಕವೂ ಅಯೋಡಿನ್ ಮಗುವಿಗೆ ಹೋಗುತ್ತದೆ.

ದೊಡ್ಡಮ್ಮನ ತೊಂದರೆ ಇದರ ಉಲ್ಟಾ. ಅದಕ್ಕೆ ನಮ್ಮ ಮಲೆನಾಡಿನ ಕಥೆ ಸ್ವಲ್ಪ ಹೇಳಬೇಕು. ಸುರಿಯುವ ಮಳೆ ಮಣ್ಣಿನಲ್ಲಿದ್ದ ಅಯೋಡಿನನ್ನು ತೊಳೆದುಕೊಂಡು ಹೋಗುತ್ತದೆ. ಬೆಳೆದ ಅಕ್ಕಿ, ತರಕಾರಿಯಲ್ಲೂ ಕಡಿಮೆ. ಆದ್ದರಿಂದಲೇ ಗಳಗಂಡ ಹೆಚ್ಚಿದ್ದ ಜಿಲ್ಲೆಗಳಲ್ಲಿ ಚಿಕ್ಕಮಗಳೂರೂ ಒಂದಾಗಿತ್ತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದು ಎಂಬ ನಿಯಮ ದೇಶದಲ್ಲಿ ಈಗಿನ ರೂಪದಲ್ಲಿ ಜಾರಿಯಾಗಿದ್ದು 2006ರಲ್ಲಿ. ದೊಡ್ಡಮ್ಮನ ಬಾಲ್ಯ, ಬಸಿರು, ಬಾಣಂತನ ಎಲ್ಲ ಅದಕ್ಕಿಂತ ಬಹಳ ಹಿಂದೆ, ಕಲ್ಲುಪ್ಪಿನ ಕಾಲದಲ್ಲಿ.

ಅಯೋಡಿನ್ ಸಿಗದೆ ದಶಕಗಟ್ಟಲೆ ಹೆಣಗಿದ ಗ್ರಂಥಿ ದಪ್ಪಗಾಗುತ್ತದೆ, ಆಮೇಲೆ ಅದರೊಳಗೆ ಗಂಟುಗಳು ಹುಟ್ಟುತ್ತವೆ. ಕೆಲವು ಗಂಟುಗಳು ಮೇಸ್ತ್ರಿಯ ಮಾತು ಕೇಳದ ಆಳುಗಳ ಹಾಗೆ. ಇಲ್ಲಿ ಮೇಸ್ತ್ರಿ ಅಂದರೆ ಟಿಎಸ್‌ಎಚ್. ಅವನು "ಸಾಕು" ಅಂದರೂ ಅವು ನಿಲ್ಲಿಸುವುದಿಲ್ಲ. ಇಷ್ಟು ದಿನ ಸರಕಿಲ್ಲದೆ ಸುಮ್ಮನಿದ್ದವು ಅಷ್ಟೆ. ಈಗ ಕೊಂಬಿನ ಸಾರು ಬಂತು ಅಂದರೆ ಸರಕೇ ಸರಕು. ಹಾರ್ಮೋನು ಉಕ್ಕುತ್ತದೆ. ಎದೆ ಬಡಿತ ಜೋರಾಗುತ್ತದೆ, ಕೈ ನಡುಗುತ್ತದೆ, ತೂಕ ಇಳಿಯುತ್ತದೆ. ವಯಸ್ಸಾದವರಲ್ಲಿ ಹೃದಯದ ಲಯವೇ ತಪ್ಪಬಹುದು. ಎರಡೂ ತೊಂದರೆಗಳಲ್ಲಿ ನನಗೆ ಹೆಚ್ಚು ಭಯ ಇದರದ್ದೇ.

"ಜಪಾನಿನವರು ದಿನಾ ತಿಂತಾರಲ್ಲ ಮಾವ, ಅವರಿಗೆ ಯಾಕೆ ಆಗಲ್ಲ?" ಅಂದ ಹುಡುಗ. ಒಳ್ಳೆಯ ಪ್ರಶ್ನೆ. ಅವರಿಗೆ ಹುಟ್ಟಿನಿಂದ ಅಯೋಡಿನ್ ಕೊರತೆಯೇ ಇರಲಿಲ್ಲ, ಹಾಗಾಗಿ ನಮ್ಮ ಹಿರಿಯರ ಹಾಗೆ ಗಂಟುಗಟ್ಟಿದ ಗ್ರಂಥಿಗಳು ಕಡಿಮೆ. ಆಗುವುದೇ ಇಲ್ಲ ಅಂತಲೂ ಅಲ್ಲ. ಹೊಕ್ಕೈಡೊ ಕರಾವಳಿಯಲ್ಲಿ ಕೊಂಬು ಬೆಳೆಯುವ, ದಿನಾ ತಿನ್ನುವ ಹಳ್ಳಿಗಳಲ್ಲಿ ಅಯೋಡಿನ್ ಜಾಸ್ತಿಯಾಗಿಯೇ ಕುತ್ತಿಗೆ ಊದಿದ್ದ ಜನರ ಬಗ್ಗೆ 1965ರಲ್ಲೇ ವರದಿಯಾಗಿದೆ. ಮೂಡಿಗೆರೆಯಲ್ಲಿ ಕಡಿಮೆಯಾಗಿ ಗಡ್ಡೆ, ಹೊಕ್ಕೈಡೊದಲ್ಲಿ ಜಾಸ್ತಿಯಾಗಿ ಗಡ್ಡೆ.

ಅಕ್ಕನ ಡಬ್ಬಿ

ಈ ಮಾತು ನಡೆಯುವಾಗ ಅಕ್ಕ ಸುಮ್ಮನೆ ಎದ್ದುಹೋಗಿ ಕಪಾಟಿನಿಂದ ಒಂದು ಡಬ್ಬಿ ತಂದಳು. "ಇದರಲ್ಲೂ ಅದೇನಾ ನೋಡೋ" ಅಂದಳು. ಕೂದಲು ಉದುರುತ್ತದೆ ಅಂತ ಆನ್‌ಲೈನಿನಲ್ಲಿ ತರಿಸಿದ ಮಾತ್ರೆ. "ಥೈರಾಯ್ಡ್‌ಗೆ ಬೆಂಬಲ" ಅಂತ ಮೇಲೆ ದೊಡ್ಡದಾಗಿ ಬರೆದಿತ್ತು. ಹಿಂದೆ ಸಣ್ಣಕ್ಷರದಲ್ಲಿ "ಕೆಲ್ಪ್ ಪುಡಿ 500 ಮಿಲಿಗ್ರಾಂ". ಅಯೋಡಿನ್ ಎಷ್ಟು ಅಂತ ಎಲ್ಲೂ ಇಲ್ಲ.

ಡಬ್ಬಿ ನೋಡುವಾಗ ಹಿಡಿಯಬೇಕಾದ್ದು ಇದನ್ನೇ. ಕೆಲ್ಪಿನ ತೂಕ ಬೇರೆ, ಅಯೋಡಿನ್ ತೂಕ ಬೇರೆ. 500 ಮಿಲಿಗ್ರಾಂ ಕೆಲ್ಪಿನಲ್ಲಿ, ಗ್ರಾಮಿಗೆ 500 ಇದ್ದರೆ 250 ಮೈಕ್ರೋಗ್ರಾಂ ಬರುತ್ತದೆ. ಗ್ರಾಮಿಗೆ 2000 ಇದ್ದರೆ 1000 ಬರುತ್ತದೆ. ಸಂಸ್ಕರಿಸಿದ ಕೆಲ್ಪ್ ಹರಳೊಂದರಲ್ಲಿ ಗ್ರಾಮಿಗೆ 8000ಕ್ಕೂ ಮೇಲೆ ಅಳೆದದ್ದುಂಟು. ಅಂಥದ್ದಾದರೆ 4000. ಯಾವ ಸಮುದ್ರ, ಯಾವ ತಿಂಗಳ ಕೊಯ್ಲು, ಎಲೆಯೋ ಕಾಂಡವೋ ಎಂಬುದರ ಮೇಲೆ ಬದಲಾಗುತ್ತದೆ. ಒಂದೇ ಕಂಪನಿಯ ಎರಡು ಡಬ್ಬಿಗಳೂ ಒಂದೇ ಥರ ಇರಬೇಕೆಂದಿಲ್ಲ. ಅಕ್ಕ ದಿನಕ್ಕೆ ಎರಡು ನುಂಗುತ್ತಿದ್ದಳು.

ಅವಳ ರಿಪೋರ್ಟುಗಳು ನನ್ನ ಹತ್ತಿರವೇ ಇದ್ದವು. ಮಳೆಗಾಲದಲ್ಲಿ ಟಿಎಸ್‌ಎಚ್ 3.1, ಮಾತ್ರೆಗೆ ಸರಿಯಾಗಿ ಹೊಂದಿಕೊಂಡಿತ್ತು. ಕೆಲ್ಪ್ ಶುರುಮಾಡಿ ಎರಡೂವರೆ ತಿಂಗಳಾದ ಮೇಲೆ, ಅಂದರೆ ಆ ಡಿಸೆಂಬರಿನಲ್ಲಿ ನೋಡಿದರೆ 14. ಥೈರಾಕ್ಸಿನ್ ಮಾತ್ರೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿದ ತಕ್ಷಣ ಕಾಫಿ ಕುಡಿದರೆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ, ಕಾಫಿ ಸೀಮೆಯಲ್ಲಿ ನಾನು ಮೊದಲು ಕೇಳುವ ಪ್ರಶ್ನೆಯೇ ಅದು. ಅವಳು ಒಂದು ಗಂಟೆ ಬಿಟ್ಟೇ ಕುಡಿಯುತ್ತಾಳೆ. ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದು ಅನ್ನುತ್ತಿದ್ದಳು, ಎಲ್ಲರೂ ಡಿಸೆಂಬರ್ ಅಲ್ವಾ ಅಂತಿದ್ದರು. ಕೂದಲು ಇನ್ನೂ ಜಾಸ್ತಿ ಉದುರುತ್ತಿತ್ತು. ಅದಕ್ಕೆ ಅವಳು ಕೆಲ್ಪ್ ಮಾತ್ರೆಯನ್ನು ಇನ್ನೂ ನಿಯತ್ತಾಗಿ ನುಂಗುತ್ತಿದ್ದಳು.

ಡಾಕ್ಟರ್‌ಗೆ ಡಬ್ಬಿ ತೋರಿಸಿದ ಮೇಲೆ ಅವರು ಥೈರಾಕ್ಸಿನ್ ಡೋಸ್ ಏರಿಸಲಿಲ್ಲ. ಕೆಲ್ಪ್ ನಿಲ್ಲಿಸಿ, ಎಂಟು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಅಂದರು. ಫೆಬ್ರವರಿ ಕೊನೆಯಲ್ಲಿ 4.2ಕ್ಕೆ ಇಳಿದಿತ್ತು. ಡಬ್ಬಿ ತೋರಿಸದೇ ಇದ್ದಿದ್ದರೆ ಡೋಸ್ ಏರುತ್ತಿತ್ತು. ಆಮೇಲೆ ಯಾವತ್ತೋ ಡಬ್ಬಿ ಖಾಲಿಯಾಗುತ್ತಿತ್ತು, ಆಗ ಡೋಸ್ ಜಾಸ್ತಿಯಾಗಿ ಎದೆ ಡವಗುಟ್ಟುತ್ತಿತ್ತು. ಟಿಎಸ್‌ಎಚ್ ಸುಮ್‌ಸುಮ್ನೆ ಏರಿಳಿಯುವವರಲ್ಲಿ ನಾನು ಈಗ ಮನೆಯ ಎಲ್ಲ ಡಬ್ಬಿಗಳ ಬಗ್ಗೆಯೂ ಕೇಳುತ್ತೇನೆ. ಮೂತ್ರದಲ್ಲಿ ಅಯೋಡಿನ್ ನೋಡಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅದು ನಿನ್ನೆ ಮೊನ್ನೆ ತಿಂದದ್ದನ್ನಷ್ಟೇ ಹೇಳುತ್ತದೆ. ಊರಿನ ಸಮೀಕ್ಷೆಗೆ ಸರಿ, ಒಬ್ಬರ ತೀರ್ಮಾನಕ್ಕೆ ಸಾಲದು.

ಯಾರಿಗೆ ಯಾವುದು

ಆ ಸಂಜೆ ನಾವು ಚೀಲ ಹಂಚಿಕೊಂಡದ್ದು ಹೀಗೆ.

ಹುಡುಗನಿಗೆ ಎಲ್ಲವೂ ಆಗುತ್ತದೆ. ಕೊಂಬು ಮಾತ್ರ ದಿನಾ ಬೇಡ, ಅಪರೂಪಕ್ಕೆ ಇರಲಿ ಅಂದೆ.

ಅಕ್ಕನಿಗೆ ನೋರಿ, ವಾರಕ್ಕೆ ಒಂದೆರಡು ಹಾಳೆ. ವಕಾಮೆ ಆಸೆಯಾದರೆ ಯಾವಾಗಲಾದರೊಮ್ಮೆ, ಅದೂ ನೆನೆಸಿ ನೀರು ಚೆಲ್ಲಿ. ಕೊಂಬು, ಕೆಲ್ಪ್ ಮಾತ್ರೆ ಎರಡೂ ಬೇಡ. ಹಶಿಮೋಟೊ ಇದೆ ಅಂತ ಅಯೋಡಿನ್ ಉಪ್ಪನ್ನೇ ಬಿಡುವವರೂ ಇದ್ದಾರೆ, ಅಕ್ಕನೂ ಕೇಳಿದಳು. ಅದರ ಅಗತ್ಯವಿಲ್ಲ. ಉಪ್ಪಿನಲ್ಲಿರುವುದು ದಿನದ ಅಗತ್ಯದಷ್ಟೇ.

ಸೊಸೆಗೆ ನೋರಿ ಆಗುತ್ತದೆ, ಅದೂ ಅಪರೂಪಕ್ಕೆ. ಅವಳಿಗೆ ಅಯೋಡಿನ್ ಕಡಿಮೆಯೂ ಆಗಬಾರದು, ಜಾಸ್ತಿಯೂ ಆಗಬಾರದು. ಅವಳಿಗೆ ನಾನು ಹೇಳಿದ್ದು ಎರಡೇ: ಮನೆಯ ಉಪ್ಪಿನ ಪ್ಯಾಕೆಟ್ ಮೇಲೆ ಅಯೋಡಿನ್ ಅಂತ ಇದೆಯಾ ನೋಡು, ಡಾಕ್ಟರ್ ಬರೆದುಕೊಟ್ಟ ವಿಟಮಿನ್ ಮಾತ್ರೆಯಲ್ಲಿ ಎಷ್ಟಿದೆ ನೋಡು. ಕೊಂಬಿನ ಸಾರು ಹೆರಿಗೆಯಾಗಿ ಎದೆಹಾಲು ಬಿಡಿಸುವವರೆಗೂ ಬೇಡ.

ಅವಳು ಇನ್ನೊಂದು ವಿಷಯ ತೆಗೆದಳು. ಕೊರಿಯನ್ ನೂಡಲ್ಸ್. ಕಾಲೇಜಿನ ಹುಡುಗರೆಲ್ಲ ಈಗ ಅದನ್ನೇ ತಿನ್ನುತ್ತಾರೆ. ಕೆಲವು ಪ್ಯಾಕೆಟ್ಟುಗಳಲ್ಲಿ ಸ್ಟಾಂಪಿನಷ್ಟು ಒಂದು ಕಪ್ಪು ತುಂಡು ಇರುತ್ತದೆ. ಅದು ಕೊಂಬೇ, ಕೊರಿಯನ್ನರು ಅದನ್ನು ದಶಿಮಾ ಅನ್ನುತ್ತಾರೆ. ಬೇಯಿಸುವ ಮೊದಲೇ ತೆಗೆದು ಬಿಸಾಡಿದರೆ ಆಯಿತು. ಬೆಂದ ಮೇಲೆ ತೆಗೆದರೆ ಏನೂ ಪ್ರಯೋಜನವಿಲ್ಲ, ಅಷ್ಟು ಹೊತ್ತಿಗೆ ಸಾರಿಗೆ ಇಳಿದಿರುತ್ತದೆ. ಕಣ್ಣಿಗೆ ಕಾಣದ ಹಾಗೆ ಬರುವುದೂ ಉಂಟು. ಆಸ್ಟ್ರೇಲಿಯಾದಲ್ಲಿ ಕೊಂಬು ಸೇರಿಸಿದ್ದ ಒಂದು ಸೋಯಾ ಹಾಲು ಕುಡಿದ ಹಲವರ ಥೈರಾಯ್ಡ್ ಕೆಟ್ಟು, 2009ರಲ್ಲಿ ಆ ಹಾಲನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ಆರೋಗ್ಯಕ್ಕೆ ಒಳ್ಳೆಯದು ಅಂತಲೇ ಜನ ಕುಡಿಯುತ್ತಿದ್ದರು.

ದೊಡ್ಡಮ್ಮನ ಟಿಎಸ್‌ಎಚ್ ಕಳೆದ ವರ್ಷ 0.5 ಇತ್ತು. ನಾರ್ಮಲ್ ಒಳಗೇ, ಆದರೆ ಕೆಳಗಿನ ಗೆರೆಯ ಹತ್ತಿರ. ಗಂಟಿರುವ ಗ್ರಂಥಿಯಲ್ಲಿ ಇದು ಮೇಸ್ತ್ರಿ ಕೈಬಿಡುತ್ತಿದ್ದಾನೆ ಎಂಬುದರ ಸೂಚನೆ ಇರಬಹುದು. ಅವರಿಗೆ ಕೊಂಬು, ವಕಾಮೆ, ಕೆಲ್ಪ್ ಯಾವುದೂ ಬೇಡ. ರುಚಿ ನೋಡಲು ನೋರಿಯ ಒಂದು ಚೂರು ಕೊಟ್ಟೆವು. "ಹೊಳೆ ಪಾಚಿ ವಾಸನೆ" ಅಂತ ಅರ್ಧಕ್ಕೇ ಬಿಟ್ಟರು. ಇಂಥವರು ಗೊತ್ತಿಲ್ಲದೆ ಕುಡಿದಿದ್ದರೆ ಮುಂದಿನ ಕೆಲವು ವಾರ, ಎರಡು ಮೂರು ತಿಂಗಳವರೆಗೂ, ಎದೆ ಬಡಿತ, ನಡುಕ, ತೂಕದ ಮೇಲೆ ಕಣ್ಣಿಡಬೇಕು. ಟಿಎಸ್‌ಎಚ್ ಜೊತೆಗೆ, ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಕೂಡ ಮಾಡಿಸಬೇಕು. ನಾಡಿ ಹದ ತಪ್ಪಿ ಓಡುತ್ತಿದ್ದರೆ ವಾರ ಕಾಯುವುದಲ್ಲ, ಅವತ್ತೇ ಆಸ್ಪತ್ರೆಗೆ.

ಆಪರೇಶನ್ ಮಾಡಿಸಿ ಥೈರಾಯ್ಡನ್ನು ಪೂರ್ತಿ ತೆಗೆಸಿಕೊಂಡವರಿಗೆ ಈ ಲೆಕ್ಕ ಅಷ್ಟಾಗಿ ಅನ್ವಯಿಸುವುದಿಲ್ಲ, ಕೆಡಲು ಗ್ರಂಥಿಯೇ ಇಲ್ಲ. ಆದರೆ ಕ್ಯಾನ್ಸರ್‌ಗಾಗಿ ತೆಗೆಸಿ, ವಿಕಿರಣಶೀಲ ಅಯೋಡಿನ್ ಚಿಕಿತ್ಸೆಗೆ ಹೋಗುವವರು ಕಡಲಕಳೆಯನ್ನು ವಾರಗಳ ಮೊದಲೇ ಬಿಡಬೇಕಾಗುತ್ತದೆ. ಇಲ್ಲವಾದರೆ ತಿಂದ ಅಯೋಡಿನ್ ಅಡ್ಡ ಬಂದು ಚಿಕಿತ್ಸೆ ಸರಿಯಾಗಿ ತಾಗುವುದಿಲ್ಲ.

ಸುಮ್ಮನೆ ಹೆದರುವವರಿಗೂ ಎರಡು ಮಾತು. ಹಲ್ವ, ಜೆಲ್ಲಿಗೆ ಹಾಕುವ ಚೈನಾ ಗ್ರಾಸ್ ಕೂಡ ಕಡಲಕಳೆಯಿಂದಲೇ ಬಂದದ್ದು. ಅದನ್ನು ಕುದಿಸಿ ಸೋಸಿ ಶುದ್ಧ ಮಾಡಿರುವುದರಿಂದ ಅಯೋಡಿನ್ ತೀರಾ ಕಡಿಮೆ. ದೊಡ್ಡಮ್ಮನೂ ತಿನ್ನಬಹುದು. ಸ್ಪಿರುಲಿನ ಹಸಿರಾಗಿದ್ದರೂ ಕಡಲಕಳೆಯೇ ಅಲ್ಲ, ತೊಟ್ಟಿಯ ನೀರಿನಲ್ಲಿ ಬೆಳೆಸುವ ಸೂಕ್ಷ್ಮಜೀವಿ. ಅದರಲ್ಲೂ ಅಯೋಡಿನ್ ನೆಚ್ಚುವಷ್ಟಿಲ್ಲ. ಭಾವನ ಗೋಡೌನಿನಲ್ಲಿ ಕಾಫಿ ಗಿಡಕ್ಕೆ ಹೊಡೆಯುವ ಸೀವೀಡ್ ದ್ರಾವಣದ ಕ್ಯಾನ್ ಇತ್ತು. "ಹಾಗಾದ್ರೆ ನಮ್ಮ ಕಾಫಿಯಲ್ಲೂ ಅಯೋಡಿನ್ ಬರುತ್ತಾ?" ಅಂತ ಕೇಳಿದರು. ಎಲೆಗೆ ಹೊಡೆಯುವ ಆ ತೆಳು ದ್ರಾವಣದಿಂದ ಲೋಟದ ಕಾಫಿಗೆ ಚಿಂತಿಸುವಷ್ಟು ಬರುವುದಿಲ್ಲ ಭಾವ ಅಂದೆ.

ಉಳಿದ ಕೊಂಬಿನ ಪೊಟ್ಟಣವನ್ನು ಹುಡುಗ ಜನವರಿಯಲ್ಲಿ ವಾಪಸ್ ಒಯ್ದ. ಕೆಲ್ಪ್ ಡಬ್ಬಿಯಲ್ಲಿ ಅಕ್ಕ ಈಗ ಲವಂಗ ಹಾಕಿಟ್ಟಿದ್ದಾಳೆ.